ಮೊಹರು, ತೂಕ, ಚಿತ್ರಿಕೆ: ಬೆಲೆಬಾಳುವ ವಿದ್ಯುನ್ಮಾನ ವಸ್ತುವಿನ ಪೊಟ್ಟಣವನ್ನು ಸ್ವೀಕರಿಸುವ ಕ್ರಮ

ಅಂಚೆಯ ಮೂಲಕ ವಿಮೆ ಮಾಡಿದ ಪೊಟ್ಟಣಗಳನ್ನು ಕಳುಹಿಸಿದವರಿಗೆ ಅರಗಿನ ಮುದ್ರೆಯ ಪರಿಚಯವಿದ್ದೇ ಇರುತ್ತದೆ. ಪೊಟ್ಟಣದ ಜೋಡಣೆಗಳ ಮೇಲೆಲ್ಲ ಒಂದೇ ಬಗೆಯ ಮುದ್ರೆಯನ್ನು ಒತ್ತಲಾಗುತ್ತಿತ್ತು. ಗುಮಾಸ್ತನು ಅದನ್ನು ತೂಗಿ ತೂಕವನ್ನು ಮೇಲೆ ಬರೆಯುತ್ತಿದ್ದನು. ಪಡೆಯುವವನು ಮುದ್ರೆ ಒಡೆದಿಲ್ಲವೆಂಬುದನ್ನು ನೋಡಿದ ಮೇಲೆಯೇ ರುಜು ಹಾಕುತ್ತಿದ್ದನು. ಈ ಪದ್ಧತಿಯಲ್ಲಿ ಅಡಗಿದ್ದ ತತ್ತ್ವ ಸರಳವಾದುದು. ವಸ್ತುವು ಕೈಯಿಂದ ಕೈಗೆ ಸಾಗುವಾಗ ಯಾವ ಕೈಯಲ್ಲಿ ಮೋಸವಾಯಿತೆಂಬುದನ್ನು ಹೇಳಬಲ್ಲ ಸಾಕ್ಷಿ ಪೊಟ್ಟಣದ ಮೈಯೇ; ಅದರ ಸಾಕ್ಷ್ಯವನ್ನು ಕೇಳಬೇಕಾದುದು ರುಜುವಿಗೆ ಮುಂಚೆ, ಅನಂತರವಲ್ಲ.

ಇಂದು ಮೊಬೈಲ್ ಫೋನು, ಲ್ಯಾಪ್‌ಟಾಪ್, ಕ್ಯಾಮೆರಾಗಳಂತಹ ಸಾವಿರಾರು ರೂಪಾಯಿ ಬೆಲೆಯ ವಸ್ತುಗಳು ಮನೆಯ ಬಾಗಿಲಿಗೇ ಬರುತ್ತವೆ. ಅರಗಿನ ಮುದ್ರೆಯ ಸ್ಥಾನದಲ್ಲಿ ಅಂಟುಪಟ್ಟಿ ಬಂದಿದೆ. ರುಜುವಿನ ಸ್ಥಾನದಲ್ಲಿ ಗ್ರಾಹಕನ ಫೋನಿಗೆ ಬರುವ ಓಟಿಪಿ ಎಂಬ ಕೆಲವು ಅಂಕಿಗಳು ಬಂದಿವೆ. ಆ ಅಂಕಿಗಳನ್ನು ಹೇಳಿದ ಕ್ಷಣದಲ್ಲಿಯೇ ವಸ್ತುವು ಸರಿಯಾಗಿ ತಲುಪಿತೆಂದು ದಾಖಲೆಯಾಗುತ್ತದೆ. ಆದರೆ ಹಿಂದಿನವರು ರುಜು ಹಾಕುವಾಗ ತೋರುತ್ತಿದ್ದ ಎಚ್ಚರವನ್ನು ಇಂದಿನವರು ಓಟಿಪಿ ಹೇಳುವಾಗ ತೋರುವುದು ವಿರಳ.

2022ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ನಡೆದು ಪತ್ರಿಕೆಗಳಲ್ಲಿ ಪ್ರಕಟವಾದ ಒಂದು ಪ್ರಸಂಗ ಇದಕ್ಕೆ ನಿದರ್ಶನ. ಮಗನು ತಂದೆಗಾಗಿ ಲ್ಯಾಪ್‌ಟಾಪ್ ಒಂದನ್ನು ತರಿಸಿದ್ದನು. ಬಟವಾಡೆಗಾರನ ಎದುರಿನಲ್ಲಿಯೇ ಪೊಟ್ಟಣವನ್ನು ತೆರೆದು ನೋಡಿ ಬಳಿಕ ಓಟಿಪಿ ಹೇಳಬೇಕಾದ ‘ಓಪನ್ ಬಾಕ್ಸ್’ ಪದ್ಧತಿ ಆ ಖರೀದಿಗೆ ಅನ್ವಯಿಸುತ್ತಿತ್ತು. ತಂದೆಗೆ ಅದು ತಿಳಿದಿರಲಿಲ್ಲ. ಪೊಟ್ಟಣ ಕೈಗೆ ಬಂದೊಡನೆ ಅಂಕಿಗಳನ್ನು ಹೇಳಿಬಿಟ್ಟರು. ತೆರೆದು ನೋಡಿದಾಗ ಒಳಗಿದ್ದುದು ಬಟ್ಟೆ ಒಗೆಯುವ ಸಾಬೂನಿನ ತುಂಡುಗಳು. ಓಟಿಪಿ ಹೇಳಿಯಾಗಿದೆ ಎಂಬ ಕಾರಣದಿಂದ ದೂರು ಮೊದಲು ತಿರಸ್ಕೃತವಾಯಿತು. ಮನೆಯ ಸಿಸಿಟಿವಿ ಚಿತ್ರಿಕೆಯೂ ಸಾರ್ವಜನಿಕ ಚರ್ಚೆಯೂ ನೆರವಾದ ಮೇಲಷ್ಟೆ ಹಣ ಮರಳಿಸುವ ಏರ್ಪಾಡಾಯಿತು. ಇಲ್ಲಿ ತಪ್ಪಿದುದು ಒಂದು ನಿಮಿಷದ ಕ್ರಮ ಮಾತ್ರ: ಹಿಂದೆ ಬರಬೇಕಾದುದು ಮುಂದೆ ಬಂದಿತು.

ಮೂರು ಪ್ರಶ್ನೆಗಳು

ಪೊಟ್ಟಣವನ್ನು ಪರೀಕ್ಷಿಸುವುದೂ ತೆರೆಯುವುದನ್ನು ಚಿತ್ರೀಕರಿಸುವುದೂ ಬೇರೆ ಬೇರೆ ಕಾರ್ಯಗಳಲ್ಲ. ಮುಂದೆ ಎಂದಾದರೂ ದೂರನ್ನು ಪರಿಶೀಲಿಸುವ ಅಪರಿಚಿತನೊಬ್ಬನು ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಚಿತ್ರಿಕೆಯಲ್ಲಿರುವ ಪೊಟ್ಟಣ ಮಾರಾಟಗಾರನು ಕಳುಹಿಸಿದ ಪೊಟ್ಟಣವೇ ಹೌದೇ? ತೆರೆಯುವ ಕ್ಷಣದವರೆಗೂ ಅದು ಮುಚ್ಚಿಯೇ ಇತ್ತೇ? ಹೊರಬಂದ ವಸ್ತು ಒಂದು ಕ್ಷಣವೂ ಕಣ್ಮರೆಯಾಗದೆ ಕೊನೆಯವರೆಗೆ ಕಾಣುತ್ತಿತ್ತೇ? ಈ ಮೂರಕ್ಕೂ ಉತ್ತರ ಕೊಡುವ ಚಿತ್ರಿಕೆ ಪುರಾವೆಯಾಗುತ್ತದೆ. ಒಂದಕ್ಕೆ ಉತ್ತರ ತಪ್ಪಿದರೂ ಅದು ಕೇವಲ ನೋಟವಾಗಿ ಉಳಿಯುತ್ತದೆ.

ಸಾಮಾನ್ಯವಾಗಿ ಜನರು ಮೇಜಿನ ಮೇಲಿಟ್ಟ ಪೆಟ್ಟಿಗೆಯ ಮೇಲ್ಭಾಗವನ್ನಷ್ಟೆ ತೋರಿಸಿ ಕತ್ತರಿ ಹಾಕುತ್ತಾರೆ. ತಳವನ್ನು ಯಾರೂ ತೋರಿಸುವುದಿಲ್ಲ. ಮೋಸ ಮಾಡುವವನು ಕೈಯಿಕ್ಕುವುದಾದರೋ ಬಹುಮಟ್ಟಿಗೆ ತಳದಲ್ಲಿಯೇ. ಆದುದರಿಂದ ಚಿತ್ರೀಕರಣಕ್ಕೆ ಮೊದಲು ಪೊಟ್ಟಣದ ಮೈಯನ್ನು ಓದಲು ಕಲಿಯಬೇಕು.

ಪೊಟ್ಟಣದ ಮೈಯನ್ನು ಓದುವುದು

ರಟ್ಟಿನ ಪೆಟ್ಟಿಗೆಗೆ ಆರು ಮೈಗಳಿವೆ. ತೆರೆಯಬಹುದಾದ ಜೋಡಣೆಗಳು ಮೂರು. ಮೇಲಿನ ಮುಚ್ಚಳದ ಜೋಡಣೆ, ತಳದ ಜೋಡಣೆ, ಇವೆರಡನ್ನೂ ಬಿಟ್ಟು ಒಂದು ಮೂಲೆಯ ಉದ್ದಕ್ಕೂ ಕಾರ್ಖಾನೆಯಲ್ಲಿಯೇ ಅಂಟಿಸಿದ ಪಕ್ಕದ ಜೋಡಣೆ. ಮೂರನೆಯದರ ಮೇಲೆ ಅಂಟುಪಟ್ಟಿ ಇರುವುದಿಲ್ಲವಾದ್ದರಿಂದ ನೋಡುವವರ ಗಮನ ಅತ್ತ ಹೋಗುವುದಿಲ್ಲ. ಅಲ್ಲಿ ಬಿಳಿಯ ಅಂಟು ಹೊರಗೆ ಉಕ್ಕಿ ಒಣಗಿದ್ದರೆ, ಅಥವಾ ಅಂಚು ಸೀಳಿ ಮತ್ತೆ ಕೂಡಿಸಿದಂತಿದ್ದರೆ, ಅದನ್ನು ಗಂಭೀರ ಲಕ್ಷಣವೆಂದು ಎಣಿಸಬೇಕು.

ಅಂಟುಪಟ್ಟಿಯ ಭಾಷೆಯೂ ಕಠಿಣವಾದುದಲ್ಲ. ರಟ್ಟಿಗೆ ಬಲವಾಗಿ ಅಂಟಿದ ಪಟ್ಟಿಯನ್ನು ಎತ್ತಿದರೆ ಕಾಗದದ ಎಳೆಗಳು ಅದರೊಡನೆ ಕಿತ್ತು ಬರುತ್ತವೆ. ಎತ್ತಿದ ಜಾಗದಲ್ಲಿ ರಟ್ಟು ತಿಳಿಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಹೊಸ ಪಟ್ಟಿಯ ಅಂಚಿನಾಚೆ ಇಂತಹ ಒರಟು ಗೆರೆ ಇಣುಕಿದರೆ ಅಲ್ಲಿ ಹಿಂದೆ ಬೇರೊಂದು ಪಟ್ಟಿ ಇತ್ತೆಂದು ತಿಳಿಯಬೇಕು. ಸಂಸ್ಥೆಯ ಹೆಸರು ಮುದ್ರಿತವಾದ ಪಟ್ಟಿಯ ಮೇಲೆ ಬರಿಯ ಪಾರದರ್ಶಕ ಪಟ್ಟಿ ಹಾಕಿರುವುದು, ಮುದ್ರಿತ ಅಕ್ಷರಗಳ ಸಾಲು ಜೋಡಣೆಯ ಬಳಿ ತುಂಡಾಗಿ ಓರೆಯಾಗಿ ಕೂಡಿರುವುದು, ಇವೂ ಅದೇ ಜಾತಿಯ ಗುರುತುಗಳು. ಕೆಲವು ಭದ್ರತಾ ಪಟ್ಟಿಗಳು ಎತ್ತಿದೊಡನೆ ತಮ್ಮ ಮೈಯಲ್ಲಿಯೂ ರಟ್ಟಿನ ಮೇಲೆಯೂ VOID ಎಂಬ ಅಕ್ಷರಗಳನ್ನು ಮೂಡಿಸುತ್ತವೆ. ಆ ಅಕ್ಷರಗಳು ಗ್ರಾಹಕನು ಮುಟ್ಟುವ ಮೊದಲೇ ಕಂಡರೆ ಪಟ್ಟಿಯು ತನ್ನ ಸಾಕ್ಷ್ಯವನ್ನು ನುಡಿದಂತೆಯೇ.

ಪ್ಲಾಸ್ಟಿಕ್ ಚೀಲದಲ್ಲಿ ಬರುವ ಪೊಟ್ಟಣವಾದರೆ ಅಂಟಿನ ಬಾಯಿಗಿಂತ ಎದುರಿನ ತಳದ ಬೆಸುಗೆಯನ್ನು ನೋಡಬೇಕು. ಕಾರ್ಖಾನೆಯ ಬೆಸುಗೆ ನೇರವಾಗಿ, ಒಂದೇ ಅಗಲವಾಗಿ ಇರುತ್ತದೆ. ಕೈಯಿಂದ ಕಾಯಿಸಿ ಮುಚ್ಚಿದುದು ಅಲೆಯಲೆಯಾಗಿ, ಅಲ್ಲಲ್ಲಿ ಸುಟ್ಟು ಮುದುಡಿಕೊಂಡಿರುತ್ತದೆ. ವಿಳಾಸಚೀಟಿಯ ಅಂಚು ಎದ್ದು ಸುಕ್ಕುಗಟ್ಟಿದ್ದರೆ, ಅಥವಾ ಅದರಡಿಯಲ್ಲಿ ಮತ್ತೊಂದು ಚೀಟಿ ಕಂಡರೆ, ಅದನ್ನೂ ಗಮನಿಸತಕ್ಕದ್ದು.

ಇಲ್ಲಿ ಒಂದು ವಿವೇಚನೆ ಅವಶ್ಯ. ಎರಡನೆಯ ಪಟ್ಟಿ ಕಂಡ ಮಾತ್ರಕ್ಕೆ ಕಳ್ಳತನವಾಯಿತೆಂದು ನಿರ್ಣಯಿಸಲಾಗದು. ದಾರಿಯ ಉಗ್ರಾಣಗಳಲ್ಲಿ ಪೆಟ್ಟಿಗೆ ಹರಿದಾಗ ನೌಕರರು ಪ್ರಾಮಾಣಿಕವಾಗಿಯೇ ಮತ್ತೆ ಅಂಟಿಸುವುದುಂಟು. ಗುರುತುಗಳು ಸಂಶಯಕ್ಕೆ ಕಾರಣವೇ ಹೊರತು ಸಿದ್ಧಾಂತವಲ್ಲ. ಆದರೂ ಸಂಶಯ ಹುಟ್ಟಿದ ಪೊಟ್ಟಣವನ್ನು ತೆಗೆದುಕೊಂಡು ಹೋರಾಡುವುದಕ್ಕಿಂತ, ಓಟಿಪಿ ಹೇಳದೆ, ಕಾರಣವನ್ನು ತಿಳಿಸಿ ಹಿಂದಿರುಗಿಸುವುದು ಸುಲಭ. ನಿರಾಕರಿಸಿದ ವಸ್ತು ಮಾರಾಟಗಾರನ ಹೊಣೆಯಾಗಿ ಉಳಿಯುತ್ತದೆ. ಸ್ವೀಕರಿಸಿದ ವಸ್ತುವಿನ ವಿಚಾರದಲ್ಲಿ ಮಾತು ನಿರೂಪಿಸುವ ಶ್ರಮ ಗ್ರಾಹಕನ ಪಾಲಿಗೆ ಬರುತ್ತದೆ.

ತೂಕದ ಸಾಕ್ಷ್ಯ

ಅಡಿಗೆಮನೆಯ ವಿದ್ಯುತ್ ತಕ್ಕಡಿ ಈ ಕಾರ್ಯದಲ್ಲಿ ಉಪಯುಕ್ತವಾದ ಸಾಧನ. ಹಲವು ಚೀಟಿಗಳ ಮೇಲೆ ತೂಕ ಮುದ್ರಿತವಾಗಿರುತ್ತದೆ. ಆದರೆ ಅದು ಯಾವಾಗಲೂ ತೂಗಿದ ತೂಕವಲ್ಲ. ಸಾಗಣೆಯ ದರಕ್ಕಾಗಿ ಅರ್ಧ ಕಿಲೋ, ಒಂದು ಕಿಲೋ ಎಂದು ದುಂಡಾಗಿ ಬರೆಯುವುದುಂಟು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳಿಂದ ಲೆಕ್ಕ ಹಾಕಿದ ‘ಗಾತ್ರತೂಕ’ವನ್ನು ಹಾಕುವುದೂ ಉಂಟು. ಆದುದರಿಂದ ಚೀಟಿಯ ಅಂಕಿಗಿಂತ ವಸ್ತುವಿನ ತಯಾರಕರೇ ಪ್ರಕಟಿಸಿದ ತೂಕವನ್ನು ಆಧಾರವಾಗಿಟ್ಟುಕೊಳ್ಳುವುದು ಮೇಲು. ಫೋನಿನ ತೂಕ 200 ಗ್ರಾಂ ಎಂದಿದ್ದರೆ, ಅದರ ಡಬ್ಬಿ, ತಂತಿ, ಹೊರಪೆಟ್ಟಿಗೆ ಎಲ್ಲ ಸೇರಿದ ಪೊಟ್ಟಣ 200 ಗ್ರಾಮಿಗಿಂತ ಕಡಿಮೆ ತೂಗುವುದು ಅಸಾಧ್ಯ. ಹಾಗೆ ತೂಗಿದರೆ ಒಳಗೆ ಫೋನಿಲ್ಲವೆಂಬುದು ತೆರೆಯದೆಯೇ ಖಚಿತ.

ಇದರ ವಿಲೋಮ ನಿಜವಲ್ಲ. ತೂಕ ಸರಿಯಾಗಿದೆಯೆಂದ ಮಾತ್ರಕ್ಕೆ ವಸ್ತು ಸರಿಯಾಗಿದೆಯೆಂದು ಹೇಳಲಾಗದು. ಸಾಬೂನು, ಹೆಂಚಿನ ಚೂರುಗಳನ್ನು ಮೋಸಗಾರರು ತುಂಬುವುದೇ ತೂಕವನ್ನು ಸರಿದೂಗಿಸಲು. ತೂಕವು ಸುಳ್ಳನ್ನು ಹಿಡಿಯಬಲ್ಲುದು, ಸತ್ಯವನ್ನು ಸ್ಥಾಪಿಸಲಾರದು.

ಒಂದು ನಿದರ್ಶನ

ಗದಗಿನಲ್ಲಿರುವ ನಿವೃತ್ತ ಶಿಕ್ಷಕರೊಬ್ಬರು ಮಗಳಿಗಾಗಿ 48,000 ರೂಪಾಯಿಯ ಫೋನೊಂದನ್ನು ತರಿಸಿದರೆಂದು ಕಲ್ಪಿಸಿಕೊಳ್ಳೋಣ. ಹಣವನ್ನು ಮುಂಗಡವಾಗಿಯೇ ಕೊಟ್ಟಿದ್ದಾರೆ. ಈ ಖರೀದಿಗೆ ಓಪನ್ ಬಾಕ್ಸ್ ಪದ್ಧತಿಯಿಲ್ಲ, ಸಾಮಾನ್ಯ ಬಟವಾಡೆ.

ಪೊಟ್ಟಣ ಬರುವ ದಿನ ಅವರು ಪಡಸಾಲೆಯ ಕಿಟಕಿಯ ಬಳಿ ಮೇಜನ್ನಿಟ್ಟು, ಅದರ ಮೇಲೆ ತಕ್ಕಡಿ, ಕತ್ತರಿಗಳನ್ನು ಸಿದ್ಧಪಡಿಸಿದರು. ಚಿತ್ರೀಕರಣಕ್ಕೆ ಹೆಂಡತಿಯ ಫೋನನ್ನು ಆರಿಸಿದರು. ಇದಕ್ಕೆ ಕಾರಣವಿದೆ. ನಡುವೆ ಕರೆ ಬಂದರೆ ಚಿತ್ರೀಕರಣ ನಿಲ್ಲುವ ಸಂಭವವುಂಟು. ಆದುದರಿಂದ ಚಿತ್ರ ತೆಗೆಯುವ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಬೇಕು. ಆದರೆ ಓಟಿಪಿ ಬರುವ ಫೋನನ್ನು ಹಾಗೆ ಇಡುವಂತಿಲ್ಲ. ಎರಡು ಕೆಲಸಕ್ಕೆ ಎರಡು ಫೋನು ಬೇಕು. ಹತ್ತು ನಿಮಿಷದ ಸ್ಪಷ್ಟ ಚಿತ್ರಿಕೆಗೆ ಒಂದರಿಂದ ಒಂದೂವರೆ ಜಿಬಿ ಸ್ಥಳ ಬೇಕಾಗಬಹುದಾದ್ದರಿಂದ ಅದನ್ನೂ ಮೊದಲೇ ನೋಡಿಕೊಂಡರು.

ಬಟವಾಡೆಯ ಹುಡುಗನು ಬಾಗಿಲಿಗೆ ಬಂದಾಗಲೇ ಚಿತ್ರೀಕರಣ ಆರಂಭವಾಯಿತು. ಹೆಂಡತಿ ಫೋನನ್ನು ಅವನ ಮುಖದತ್ತ ಹಿಡಿಯದೆ ಕೈಯಲ್ಲಿದ್ದ ಪೊಟ್ಟಣದತ್ತ ಹಿಡಿದರು. ಹುಡುಗನು ತುಸು ಗಾಬರಿಯಾಗಿ, “ಸರ್, ನಮಗ ಡಬ್ಬಿ ತೆಗೆಯಾಕ ಪರವಾನಿಗಿ ಇಲ್ರಿ” ಎಂದನು. ಶಿಕ್ಷಕರು, “ತೆಗೀಬ್ಯಾಡಪಾ ತಮ್ಮಾ, ಎರಡು ನಿಮಿಷ ನಿಲ್ಲು. ಆರೂ ಮೈ ನೋಡಿ ಓಟಿಪಿ ಹೇಳ್ತೀನಿ” ಎಂದರು. ಅವನ ಮಾತು ಸುಳ್ಳಲ್ಲ. ಸಾಮಾನ್ಯ ಬಟವಾಡೆಯಲ್ಲಿ ಒಳಗಿನದನ್ನು ತೋರಿಸುವ ಅಧಿಕಾರ ಅವನಿಗಿಲ್ಲ. ಒಳಗೆ ಏನಿದೆಯೆಂಬುದೂ ಬಹಳಷ್ಟು ಸಲ ಅವನಿಗೆ ತಿಳಿದಿರುವುದಿಲ್ಲ. ಅವನೊಡನೆ ವಾದಿಸುವುದರಿಂದ ಪ್ರಯೋಜನವಿಲ್ಲ. ಹೊರಮೈಯನ್ನು ನೋಡುವಷ್ಟು ಹೊತ್ತು ಅವನನ್ನು ನಿಲ್ಲಿಸಿಕೊಂಡರೆ ಸಾಕು.

ಪೊಟ್ಟಣದ ಆರು ಮೈಗಳನ್ನೂ ನಿಧಾನವಾಗಿ ತಿರುಗಿಸಿದರು. ವಿಳಾಸಚೀಟಿಯ ಬಳಿ ಐದು ಸೆಕೆಂಡು ನಿಲ್ಲಿಸಿ, ಆರ್ಡರ್ ಸಂಖ್ಯೆಯೂ ಸಾಗಣೆಯ ಸಂಖ್ಯೆಯೂ ಸ್ಪಷ್ಟವಾಗಿ ಮೂಡುವಂತೆ ನೋಡಿಕೊಂಡರು. ಮೊದಲನೆಯ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ. ಬಳಿಕ ಬರಿದಾದ ತಕ್ಕಡಿ ಸೊನ್ನೆಯನ್ನು ತೋರುವುದನ್ನು ಚಿತ್ರಿಸಿ, ಪೊಟ್ಟಣವನ್ನು ಇಟ್ಟರು: 418 ಗ್ರಾಂ. ಫೋನಿನ ಪ್ರಕಟಿತ ತೂಕ 195 ಗ್ರಾಂ ಆಗಿದ್ದುದರಿಂದ ಇದು ನಂಬತಕ್ಕ ಅಂಕಿ. ಪಟ್ಟಿ, ತಳ, ಪಕ್ಕದ ಜೋಡಣೆ ಯಾವುದರಲ್ಲಿಯೂ ದೋಷ ಕಾಣಲಿಲ್ಲ. ಓಟಿಪಿ ಹೇಳಿದರು, ಹುಡುಗನು ಹೊರಟನು. ಚಿತ್ರೀಕರಣ ಮಾತ್ರ ನಿಲ್ಲಲಿಲ್ಲ.

ಅದೇ ಮೇಜಿನ ಮೇಲೆ ಹೊರಪೆಟ್ಟಿಗೆಯನ್ನು ಮೇಲಿನ ಜೋಡಣೆಯಲ್ಲಿ ಕತ್ತರಿಸಿದರು. ಒಳಗಿನ ಫೋನ್ ಡಬ್ಬಿಯನ್ನು ತೆರೆಯುವ ಮುನ್ನ ಅದನ್ನೂ ಹೊರಪೆಟ್ಟಿಗೆಯಂತೆಯೇ ಎಲ್ಲ ಕಡೆ ತೋರಿಸಿದರು. ಇಲ್ಲಿ ದೋಷ ಪತ್ತೆಯಾಯಿತು. ಡಬ್ಬಿಯ ಎರಡು ಅಂಚುಗಳಲ್ಲಿ ಕಾಗದದ ಮೊಹರುಗಳಿದ್ದವು. ಒಂದು ನೆಟ್ಟಗೆ ಬಿಗಿಯಾಗಿತ್ತು. ಮತ್ತೊಂದು ಮೊಹರು ಮುಚ್ಚಳದ ಗೆರೆಯ ಮೇಲೆಯೇ ಕೂದಲೆಳೆಯಷ್ಟು ಸೀಳಿತ್ತು. ಅದರ ಮೇಲೆ ತೆಳುವಾದ ಪಾರದರ್ಶಕ ಪಟ್ಟಿಯಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಆ ಪಟ್ಟಿ ಹೊಳೆಯಿತು. ಶಿಕ್ಷಕರು ಅದನ್ನು ಬಾಯಲ್ಲಿಯೂ ಹೇಳಿ, ಡಬ್ಬಿಯ ಮೇಲೆ ಮುದ್ರಿತವಾದ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ತೋರಿಸಿ, ಅದನ್ನು ಬಿಲ್ಲಿನ ಸಂಖ್ಯೆಯೊಡನೆ ಹೋಲಿಸಿದರು. ಎರಡೂ ಒಂದೇ ಆಗಿದ್ದವು. ಅನಂತರ ಮುಚ್ಚಳ ಎತ್ತಿದರು. ಒಳಗೆ ಕಾಗದದಲ್ಲಿ ಸುತ್ತಿದ ಎರಡು ಸಾಬೂನುಗಳಿದ್ದವು.

ಅವರು ಗಾಬರಿಯಿಂದ ಎದ್ದು ಹೋಗಲಿಲ್ಲ. ಖಾಲಿ ಡಬ್ಬಿ, ಸಾಬೂನು, ಹೊರಪೆಟ್ಟಿಗೆ, ಚೀಟಿ ಎಲ್ಲವನ್ನೂ ಒಂದೇ ನೋಟದಲ್ಲಿ ಇಟ್ಟು ತೋರಿಸಿ, ಆಮೇಲೆ ಚಿತ್ರೀಕರಣ ನಿಲ್ಲಿಸಿದರು. ಒಟ್ಟು ಏಳು ನಿಮಿಷ. ನಡುವೆ ಒಂದು ಕಡಿತವೂ ಇರಲಿಲ್ಲ.

ಒಳಗೆ ಫೋನು ಇದ್ದಿದ್ದರೆ ಕ್ರಮ ಇನ್ನೊಂದು ಹೆಜ್ಜೆ ಮುಂದುವರಿಯುತ್ತಿತ್ತು. ಅದೇ ಚಿತ್ರಿಕೆಯಲ್ಲಿ ಫೋನನ್ನು ಚಾಲೂ ಮಾಡಿ *#06# ಒತ್ತಿದರೆ ತೆರೆಯ ಮೇಲೆ ಐಎಂಇಐ ಮೂಡುತ್ತದೆ. ಬಿಲ್ಲು, ಡಬ್ಬಿ, ತೆರೆ ಈ ಮೂರೂ ಕಡೆ ಸಂಖ್ಯೆ ಒಂದೇ ಆಗಿರಬೇಕು. ಎರಡು ಸಿಮ್ ಇರುವ ಫೋನಿನಲ್ಲಿ ಎರಡು ಸಂಖ್ಯೆಗಳಿರುತ್ತವೆ, ಎರಡನ್ನೂ ಹೋಲಿಸಬೇಕು. ಡಬ್ಬಿ ಹೊಸದಾಗಿದ್ದು ಒಳಗೆ ಹಳೆಯ ಫೋನಿಟ್ಟ ಮೋಸ ಸಾಬೂನಿನ ಮೋಸಕ್ಕಿಂತ ಸೂಕ್ಷ್ಮವಾದುದು. ಅದನ್ನು ಹಿಡಿಯುವುದು ಈ ಹೋಲಿಕೆ ಮಾತ್ರ.

ಚಿತ್ರಿಕೆಯ ರಕ್ಷಣೆ ಮತ್ತು ದೂರು

ತೆಗೆದ ಚಿತ್ರಿಕೆಯನ್ನು ಕೆಡಿಸುವುದು ಬಹುಮಟ್ಟಿಗೆ ಅದರ ಒಡೆಯನೇ. ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರಿಕೆ ಕುಗ್ಗುತ್ತದೆ. ಚೀಟಿಯ ಸಣ್ಣ ಅಂಕಿಗಳು ಮಸುಕಾಗುತ್ತವೆ. ಮೂಲ ಕಡತವನ್ನು ಕತ್ತರಿಸದೆ, ಅದರಲ್ಲಿ ಅಕ್ಷರವನ್ನಾಗಲಿ ಸಂಗೀತವನ್ನಾಗಲಿ ಸೇರಿಸದೆ, ತೆಗೆದ ಫೋನಿನಲ್ಲಿಯೇ ಉಳಿಸಿಕೊಂಡು ಪೆನ್‌ಡ್ರೈವಿಗೆ ಒಂದು ಪ್ರತಿ ಮಾಡಬೇಕು. ನ್ಯಾಯಾಲಯಗಳಲ್ಲಿ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಗ್ರಾಹಕ ಆಯೋಗಗಳ ವಿಚಾರಣೆ ಸಂಕ್ಷಿಪ್ತವಾದುದು, ಸಾಕ್ಷ್ಯದ ನಿಯಮಗಳಿಗೆ ಅಷ್ಟು ಕಟ್ಟುಬಿದ್ದುದಲ್ಲ. ಆದರೂ ಮೂಲ ಕಡತವಿದ್ದವನ ಮಾತಿಗೆ ಹೆಚ್ಚಿನ ಬಲವುಂಟು. ಪೆಟ್ಟಿಗೆ, ಪಟ್ಟಿ, ಸಾಬೂನು ಯಾವುದನ್ನೂ ಎಸೆಯಬಾರದು. ಹೊರಪೆಟ್ಟಿಗೆಯನ್ನು ಒಲೆಗೆ ಹಾಕಿದವನು ತನ್ನ ಸಾಕ್ಷಿಯನ್ನೇ ಸುಟ್ಟಂತೆ.

ನಮ್ಮ ನಿದರ್ಶನದ ಶಿಕ್ಷಕರು ಅದೇ ದಿನ ಲಿಖಿತ ದೂರು ಸಲ್ಲಿಸಿದರು. ದೂರು ಹೀಗಿತ್ತು: ಆರ್ಡರ್ ಸಂಖ್ಯೆ, ಓಟಿಪಿ ಹೇಳಿದ ವೇಳೆ, ಪೊಟ್ಟಣದ ತೂಕ, ಚಿತ್ರಿಕೆಯ ಯಾವ ನಿಮಿಷದಲ್ಲಿ ಸೀಳಿದ ಮೊಹರು ಕಾಣುತ್ತದೆ, ಯಾವ ನಿಮಿಷದಲ್ಲಿ ಮುಚ್ಚಳ ತೆರೆಯುತ್ತದೆ. ಮೊದಲ ಉತ್ತರ ಇಂತಹ ಸಂದರ್ಭಗಳಲ್ಲಿ ಬರುವಂತಹದೇ: ದಾಖಲೆಯ ಪ್ರಕಾರ ವಸ್ತು ಸರಿಯಾಗಿ ತಲುಪಿದೆ. ಆಗ ಅವರು ಮಾರಾಟ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಬರೆದರು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಂತೆ ಆ ಅಧಿಕಾರಿಯು ದೂರು ತಲುಪಿದುದನ್ನು 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಅಲ್ಲಿಯೂ ಫಲ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಯಿದೆ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಮಾರಾಟಗಾರನ ಊರಿಗೆ ಅಲೆಯಬೇಕಾಗಿಲ್ಲ. ಅವಧಿ ಎರಡು ವರ್ಷ. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಆಯೋಗದ ಶುಲ್ಕವಿಲ್ಲ.

ಚಿತ್ರಿಕೆಯ ಮಿತಿ

ಚಿತ್ರಿಕೆಯು ಏನನ್ನು ಹೇಳಲಾರದೆಂಬುದನ್ನೂ ಅರಿತಿರಬೇಕು. ಫೋನನ್ನು ಕದ್ದವರು ಉಗ್ರಾಣದವರೋ ಸಾಗಣೆಯವರೋ ಮಾರಾಟಗಾರನೋ ಎಂಬುದನ್ನು ಅದು ಹೇಳದು. ಹೇಳಬೇಕಾದ ಅಗತ್ಯವೂ ಗ್ರಾಹಕನಿಗಿಲ್ಲ. ಅವನು ತೋರಿಸಬೇಕಾದುದು ತನ್ನ ಕೈಯಲ್ಲಿ ಆ ಮೋಸ ನಡೆಯಲಿಲ್ಲವೆಂಬುದನ್ನು ಮಾತ್ರ. “ಮೊದಲೇ ತೆರೆದು, ಫೋನನ್ನು ತೆಗೆದು, ಮತ್ತೆ ಮುಚ್ಚಿ ಚಿತ್ರ ತೆಗೆದಿರಬಹುದಲ್ಲವೇ” ಎಂಬ ಆಕ್ಷೇಪ ಇಂತಹ ದೂರುಗಳಲ್ಲಿ ಬರುವ ಬಲವಾದ ಆಕ್ಷೇಪ. ಸಂಜೆ ಬಂದ ಪೊಟ್ಟಣವನ್ನು ಮರುದಿನ ಬೆಳಗ್ಗೆ ತೆರೆದು ಚಿತ್ರಿಸಿದವನ ಬಳಿ ಇದಕ್ಕೆ ಉತ್ತರವಿಲ್ಲ. ಬಟವಾಡೆಗಾರನ ಕೈಯಿಂದ ಆರಂಭವಾಗಿ, ಓಟಿಪಿ ಹೇಳಿದ ವೇಳೆಯನ್ನು ತನ್ನೊಳಗೇ ಹೊಂದಿರುವ ಅಖಂಡ ಚಿತ್ರಿಕೆಯೊಂದೇ ಇದಕ್ಕೆ ಉತ್ತರ. ಓಟಿಪಿಯ ವೇಳೆ ಸಂಸ್ಥೆಯ ದಾಖಲೆಯಲ್ಲಿಯೂ ಇರುತ್ತದೆ. ಎರಡೂ ತಾಳೆಯಾದಾಗ ನಡುವೆ ಮೋಸಕ್ಕೆ ಎಡೆಯಿರಲಿಲ್ಲವೆಂಬುದು ತಾನಾಗಿಯೇ ಸಿದ್ಧವಾಗುತ್ತದೆ.

ಅರಗಿನ ಮುದ್ರೆಯ ಕಾಲದಲ್ಲಿ ಅಂಚೆಯಣ್ಣನು ಕಾಯುತ್ತಿದ್ದನು. ಪಡೆಯುವವನು ಮುದ್ರೆಗಳನ್ನು ನೋಡುತ್ತಿದ್ದನು. ಅನಂತರವೇ ಲೇಖನಿಯನ್ನು ಕೈಗೆತ್ತಿಕೊಳ್ಳುತ್ತಿದ್ದನು. ಇಂದು ಬದಲಾಗಿರುವುದು ಲೇಖನಿ ಮಾತ್ರ. ಮೊದಲು ಆರು ಮೈಗಳು, ಬಳಿಕ ತೂಕ, ಅದರ ಬಳಿಕ ಓಟಿಪಿ, ಕೊನೆಗೆ ಕತ್ತರಿ. ಈ ನಾಲ್ಕನ್ನೂ ಒಂದೇ ಚಿತ್ರಿಕೆಯಲ್ಲಿ ಇದೇ ಅನುಕ್ರಮದಲ್ಲಿ ಹಿಡಿದಿಟ್ಟವನಿಗೆ ಏಳೆಂಟು ನಿಮಿಷಗಳು ತಗಲುತ್ತವೆ. ಓಪನ್ ಬಾಕ್ಸ್ ಪದ್ಧತಿಯಾದರೆ ಕತ್ತರಿ ಮೊದಲು, ಓಟಿಪಿ ಕೊನೆಗೆ. ಗ್ರಾಹಕನು ಆರ್ಡರ್ ಕೊಡುವಾಗಲೇ ಇವೆರಡರಲ್ಲಿ ತನ್ನದು ಯಾವುದೆಂದು ನೋಡಿಕೊಂಡು, ಮನೆಯಲ್ಲಿ ಪೊಟ್ಟಣವನ್ನು ಪಡೆಯುವವರಿಗೂ ತಿಳಿಸಿರಬೇಕು. ದೆಹಲಿಯ ಆ ತಂದೆಗೆ ಮಗನಿಂದ ತಲುಪದೆ ಹೋದುದು ಅದೊಂದೇ ಮಾತು.